ಯಾರನ್ನೂ ಟ್ಯಾಗ್ ಮಾಡೋಕೆ ಆಗ್ತಿಲ್ವಾ? ತಡೆ ಯಾಕೆ ಬಂತು, ಈಗ ಏನು ಮಾಡಬೇಕು

ಫೋಟೊ ಹಾಕಿದ್ದೀರಿ. @ ಒತ್ತಿ ಗೆಳೆಯರ ಹೆಸರಿನ ಮೊದಲ ಅಕ್ಷರಗಳನ್ನು ಬರೆದರೂ ಕೆಳಗೆ ಹೆಸರಿನ ಪಟ್ಟಿ ಬರುತ್ತಿಲ್ಲ. ಇಲ್ಲಾ ಹೆಸರು ಬರುತ್ತದೆ, ಆದರೆ ಪೋಸ್ಟ್ ಆದ ಮೇಲೆ ಅದನ್ನು ಒತ್ತಿದರೆ ಪ್ರೊಫೈಲ್ ತೆರೆಯುವುದಿಲ್ಲ, ಸುಮ್ನೆ ಅಕ್ಷರವಾಗಿ ನಿಂತಿರುತ್ತದೆ. ಫೋನ್ ಕೆಟ್ಟಿತೇನೋ, ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾ ಹೋಗುವವರೇ ಜಾಸ್ತಿ. ಹಾಗೆ ಒತ್ತಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟ್ಯಾಗ್ ನಿಂತು ಹೋಗಲು ಕಾರಣ ಹಲವಿವೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದನ್ನು: ನಮ್ಮ ಟ್ಯಾಗ್ ಬೇಡ ಅಂತ ಜನ ರಿಪೋರ್ಟ್ ಮಾಡಿದಾಗ ಬರುವ ತಡೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಮನೆಯಲ್ಲೇ ಕೂತು ಸೀರೆ, ಖಣ, ಕರದಂಟು, ದ್ರಾಕ್ಷಿ ಮಾರುವವರು ಈ ತಡೆಗೆ ಸಿಕ್ಕಿಕೊಳ್ಳುವುದನ್ನು ನೋಡುತ್ತಿದ್ದೇನೆ. ಹೊಟ್ಟೆಪಾಡಿನ ಮಾತು ಇದು, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಎರಡಕ್ಕೂ ಸೇರಿಸಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನರ ಫೋನ್ ಇಂಗ್ಲಿಷ್‌ನಲ್ಲೇ ಇರುವುದರಿಂದ ಪರದೆಯ ಮೇಲೆ ಕಾಣುವ ಹೆಸರುಗಳನ್ನು ಹಾಗೇ ಕೊಟ್ಟಿದ್ದೇನೆ.

ಮೊದಲು ನೋಡಬೇಕಾದ್ದು: ಒಬ್ಬರ ಹೆಸರು ಬರುತ್ತಿಲ್ಲವೋ, ಎಲ್ಲರದ್ದೋ

ಉಳಿದದ್ದೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಮನೆಯವರಲ್ಲೇ ಒಬ್ಬರನ್ನು, ಅಂದರೆ ತಮ್ಮನನ್ನೋ ಅತ್ತಿಗೆಯನ್ನೋ ಕೇಳಿ, ಅವರ ಹೆಸರನ್ನು ಒಂದೇ ಒಂದು ಸಲ ಟ್ಯಾಗ್ ಮಾಡಿ ನೋಡಿ. ಅವರದ್ದು ಆಯಿತು, ಬೇರೆ ಒಬ್ಬರದ್ದು ಮಾತ್ರ ಆಗುತ್ತಿಲ್ಲ ಅಂದರೆ ನಿಮ್ಮ ಖಾತೆಗೆ ಏನೂ ಆಗಿಲ್ಲ. ಆ ಒಬ್ಬರು ತಮ್ಮ ಕಡೆಯಿಂದ ಬಾಗಿಲು ಹಾಕಿಕೊಂಡಿದ್ದಾರೆ.

ಇನ್‌ಸ್ಟಾಗ್ರಾಮ್‌ನಲ್ಲಿ `Tags and mentions` ಅಂತ ಒಂದು ಸೆಟ್ಟಿಂಗ್ ಇದೆ. ಅದರಲ್ಲಿ ಎಲ್ಲರೂ ಟ್ಯಾಗ್ ಮಾಡಬಹುದು, ನಾನು ಫಾಲೋ ಮಾಡುವವರು ಮಾತ್ರ ಮಾಡಬಹುದು, ಯಾರೂ ಮಾಡುವಂತಿಲ್ಲ ಅಂತ ಮೂರು ಆಯ್ಕೆ. ಅವರು ಎರಡನೆಯದನ್ನು ಆರಿಸಿದ್ದು, ನಿಮ್ಮನ್ನು ಫಾಲೋ ಮಾಡದೇ ಇದ್ದರೆ ನಿಮ್ಮ ಟ್ಯಾಗ್ ಹೋಗುವುದಿಲ್ಲ. ಇಲ್ಲಿ ಗೊಂದಲ ಆಗುತ್ತದೆ: ನೀವು ಅವರನ್ನು ಫಾಲೋ ಮಾಡಿದ್ದರೆ ಸಾಲದು, ಅವರು ನಿಮ್ಮನ್ನು ಫಾಲೋ ಮಾಡಿರಬೇಕು. ಹದಿಹರೆಯದವರ ಖಾತೆಗಳಲ್ಲಿ ಇದು ಮೊದಲಿನಿಂದಲೇ ಹಾಗೇ ಇರುತ್ತದೆ. ಇನ್‌ಸ್ಟಾಗ್ರಾಮ್ 2024ರಲ್ಲಿ ತಂದ ಟೀನ್ ಅಕೌಂಟ್‌ಗಳಲ್ಲಿ ಮಕ್ಕಳನ್ನು ಅವರು ಫಾಲೋ ಮಾಡುವವರು ಮಾತ್ರ ಟ್ಯಾಗ್ ಅಥವಾ ಮೆನ್ಷನ್ ಮಾಡಬಹುದು, 16 ವರ್ಷಕ್ಕಿಂತ ಚಿಕ್ಕವರು ಇದನ್ನು ಸಡಿಲ ಮಾಡಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಬೆಳಗಾವಿಯಲ್ಲಿ ಟ್ಯೂಶನ್ ನಡೆಸುವವರು, ಡ್ಯಾನ್ಸ್ ಕ್ಲಾಸಿನವರು ಕಾರ್ಯಕ್ರಮದ ಫೋಟೊ ಹಾಕಿ ಮಕ್ಕಳ ಹೆಸರು ಸೇರಿಸಲು ಹೋದಾಗ ಆಗದೇ ಇದ್ದರೆ ಮೊದಲು ಇದನ್ನು ನೆನಪಿಗೆ ತಂದುಕೊಳ್ಳಿ. ಇದಕ್ಕೂ ರಿಪೋರ್ಟ್‌ಗೂ ಸಂಬಂಧವಿಲ್ಲ.

ಫೇಸ್‌ಬುಕ್‌ನಲ್ಲಿ ಇನ್ನೊಂದು ತರಹ. ಟ್ಯಾಗ್ ಆಗಿರುತ್ತದೆ, ಆದರೆ ಅವರ ಟೈಮ್‌ಲೈನ್‌ನಲ್ಲಿ ಪೋಸ್ಟ್ ಕಾಣುವುದಿಲ್ಲ. ಅವರು `Profile and tagging` ಒಳಗೆ ಹೋಗಿ, ತಮ್ಮನ್ನು ಟ್ಯಾಗ್ ಮಾಡಿದ ಪೋಸ್ಟ್‌ಗಳನ್ನು ತಾವು ನೋಡಿ ಒಪ್ಪಿದ ಮೇಲೆಯೇ ತಮ್ಮ ಟೈಮ್‌ಲೈನ್‌ನಲ್ಲಿ ಬರಲಿ ಅಂತ ಇಟ್ಟುಕೊಂಡಿರುತ್ತಾರೆ. ಇದೂ ನಿಮ್ಮ ಮೇಲಿನ ತಡೆ ಅಲ್ಲ. ಅವರು ನಿಮ್ಮನ್ನು ಬ್ಲಾಕ್ ಮಾಡಿದ್ದರೆ ಅಥವಾ ಖಾತೆಯನ್ನೇ ಮುಚ್ಚಿದ್ದರೆ ಹುಡುಕಿದರೂ ಹೆಸರು ಸಿಗುವುದಿಲ್ಲ, ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಎಲ್ಲರಿಗೂ ಇರುವ ಮಿತಿ

ಎರಡನೇ ಪರೀಕ್ಷೆ ಸಣ್ಣದು. ಒಂದೇ ಕಾಮೆಂಟಿನಲ್ಲಿ ಎಷ್ಟು ಹೆಸರು ಹಾಕಿದಿರಿ? ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಕಾಮೆಂಟಿಗೆ 5 ಮೆನ್ಷನ್ ಮಾತ್ರ, ಆರನೆಯದು ಸೇರಿದರೆ ಕಾಮೆಂಟ್ ಹೋಗದೇ ಇರಬಹುದು. ಪೋಸ್ಟಿನಲ್ಲಿ 20 ಜನರನ್ನು ಟ್ಯಾಗ್ ಮಾಡಬಹುದು. ಫೇಸ್‌ಬುಕ್‌ನಲ್ಲಿ ಒಂದು ಫೋಟೊಗೆ 50. ಈ ಲೆಕ್ಕ ದಾಟಿದ್ದಕ್ಕೇ ನಿಂತಿದ್ದರೆ ಹೆಸರು ಕಡಿಮೆ ಮಾಡಿದ ಕೂಡಲೇ ಕೆಲಸ ಆಗುತ್ತದೆ.

ಆದರೆ ಒಂದು ಮಾತು. 50 ಜನರವರೆಗೆ ಬಿಡುತ್ತಾರೆ ಅಂದರೆ ದಿನಾ 50 ಜನರನ್ನು ಟ್ಯಾಗ್ ಮಾಡಿದರೂ ನಡೆಯುತ್ತದೆ ಅಂತಲ್ಲ. ಎಷ್ಟು ಹೊತ್ತಿನಲ್ಲಿ ಎಷ್ಟು ಟ್ಯಾಗ್ ಆದರೆ ತಡೆ ಬೀಳುತ್ತದೆ ಅನ್ನುವ ಅಂಕಿಯನ್ನು ಕಂಪನಿಗಳು ಹೊರಗೆ ಹೇಳುವುದಿಲ್ಲ. ಹೇಳಿದರೆ ಕಿರಿಕಿರಿ ಮಾಡುವವರು ಅದಕ್ಕಿಂತ ಒಂದು ಕಡಿಮೆ ಮಾಡಿಕೊಂಡು ಇರುತ್ತಾರೆ, ಅಲ್ವಾ? ಹಾಗಾಗಿ ಯೂಟ್ಯೂಬ್‌ನಲ್ಲಿ ಯಾರಾದರೂ "ದಿನಕ್ಕೆ ಇಷ್ಟು ಟ್ಯಾಗ್ ಸೇಫ್" ಅಂತ ಅಂಕಿ ಕೊಟ್ಟರೆ ನಂಬಬೇಡಿ.

ಯಾರ ಹೆಸರೂ ಆಗುತ್ತಿಲ್ಲ ಅಂದರೆ

ಈಗ ತಡೆ ನಿಮ್ಮ ಖಾತೆಯ ಮೇಲೆಯೇ ಇದೆ ಅಂತ ತಿಳಿಯಬಹುದು. ಮೊದಲು ಆ್ಯಪ್ ಅಪ್‌ಡೇಟ್ ಮಾಡಿ, ಒಮ್ಮೆ ಬ್ರೌಸರ್‌ನಿಂದ ಒಳಗೆ ಹೋಗಿ ನೋಡಿ. ಆ್ಯಪ್‌ನಲ್ಲಿ ಆಗದ್ದು ಬ್ರೌಸರ್‌ನಲ್ಲಿ ಆದರೆ ಅದು ಆ್ಯಪ್‌ನ ತೊಂದರೆ. ಎರಡು ಕಡೆಯೂ ಆಗದಿದ್ದರೆ ಪರದೆಯ ಮೇಲೆ ಬಂದ ಸಂದೇಶವನ್ನು ಸಿಟ್ಟಿನಲ್ಲಿ ಮುಚ್ಚಿಬಿಡದೆ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫೇಸ್‌ಬುಕ್‌ನಲ್ಲಿ ಸಾಮಾನ್ಯವಾಗಿ `You can't use this feature right now` ಅಂತ ಬರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ `Try Again Later`. ಮೊದಲನೆಯದರ ಕೆಳಗೆ, ಸ್ಪ್ಯಾಮ್ ತಡೆಯಲು ಜನ ಎಷ್ಟು ಬೇಗ ಬೇಗ ಪೋಸ್ಟ್, ಕಾಮೆಂಟ್ ಇತ್ಯಾದಿ ಮಾಡಬಹುದು ಅನ್ನುವುದಕ್ಕೆ ನಾವು ಮಿತಿ ಹಾಕುತ್ತೇವೆ ಅನ್ನುವ ಅರ್ಥದ ಸಾಲು ಇರುತ್ತದೆ.

ಸಂದೇಶ ತಪ್ಪಿಹೋಗಿದ್ದರೆ ಫೇಸ್‌ಬುಕ್‌ನಲ್ಲಿ `Help & support` ಒಳಗಿನ `Support Inbox` ನೋಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ `Account Status` ಇದೆ. ಅಲ್ಲಿ ಏನೂ ಕಾಣದಿದ್ದರೂ ತಡೆ ಇರಬಹುದು, ಸಣ್ಣ ತಡೆಗಳಿಗೆ ಪ್ರತಿ ಸಲ ಪತ್ರ ಬರುವುದಿಲ್ಲ. ಗುರುತು ಏನೆಂದರೆ ಬರೆಯುವುದು, ಫೋಟೊ ಹಾಕುವುದು, ಲೈಕ್ ಮಾಡುವುದು ಎಲ್ಲ ನಡೆಯುತ್ತಿರುತ್ತದೆ, ಟ್ಯಾಗ್ ಒಂದು ಮಾತ್ರ ನಡೆಯುವುದಿಲ್ಲ. ಅಂದರೆ ಯಾವ ಕೆಲಸದ ಮೇಲೆ ದೂರು ಬಂದಿದೆಯೋ ಆ ಕೆಲಸವನ್ನಷ್ಟೇ ಸ್ವಲ್ಪ ಕಾಲ ನಿಲ್ಲಿಸಿರುತ್ತಾರೆ.

ದೂರು ಎಲ್ಲಿಂದ ಬರುತ್ತದೆ

ಗುಳೇದಗುಡ್ಡದಲ್ಲಿ ಖಣ ಮಾರುವ ಅಕ್ಕ ಒಬ್ಬರು ನನಗೆ ಪರಿಚಯ. ಮನೆಯಲ್ಲೇ ಮಗ್ಗ, ಜೊತೆಗೆ ಇಳಕಲ್ ಸೀರೆಯನ್ನೂ ತರಿಸಿ ಮಾರುತ್ತಾರೆ. ಶ್ರಾವಣ ಹತ್ತಿರ ಬಂತು ಅಂದರೆ ನಾಗರ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ, ಖಣ ಕೊಡುವವರು ಇರುತ್ತಾರೆ, ಅವರಿಗೆ ಅದು ದುಡಿಮೆಯ ಕಾಲ. ಹೊಸ ಬಣ್ಣದ ಖಣ ಬಂದಾಗಲೆಲ್ಲ ಅವರು ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿ ಗೆಳೆಯರ ಪಟ್ಟಿಯಿಂದ 50 ಹೆಸರು ಸೇರಿಸುತ್ತಿದ್ದರು. ದಿನಕ್ಕೆ ನಾಲ್ಕೈದು ಫೋಟೊ, ಎಲ್ಲದರ ಕೆಳಗೂ ಒಂದೇ ಸಾಲು: "ಹೊಸ ಖಣ ಬಂದಾವ, ಬೇಕಾದವರು ಫೋನ್ ಮಾಡ್ರಿ." ಒಂದು ದಿನ ಯಾರನ್ನೂ ಟ್ಯಾಗ್ ಮಾಡಲು ಆಗಲಿಲ್ಲ. "ಒಬ್ಬರ ಹೆಸರೂ ಬರವಲ್ದು ನೋಡ್ರಿ, ನಾ ಯಾರಿಗೂ ಕೆಟ್ಟ ಮಾತ ಬರದಿಲ್ಲ, ನನಗ್ಯಾಕ ಹಿಂಗ?" ಅಂತ ಫೋನ್ ಮಾಡಿದರು.

ಅವರು ಬರೆದದ್ದರಲ್ಲಿ ನಿಜಕ್ಕೂ ಕೆಟ್ಟದ್ದೇನೂ ಇರಲಿಲ್ಲ. ತೊಂದರೆ ಇದ್ದದ್ದು ಟ್ಯಾಗ್ ಕೆಲಸ ಮಾಡುವ ರೀತಿಯಲ್ಲಿ. ಫೇಸ್‌ಬುಕ್‌ನಲ್ಲಿ ನೀವು ಒಬ್ಬರನ್ನು ಟ್ಯಾಗ್ ಮಾಡಿದರೆ ಮೂರು ಕೆಲಸ ಒಟ್ಟಿಗೇ ಆಗುತ್ತವೆ. ಅವರ ಫೋನಿಗೆ ನೋಟಿಫಿಕೇಶನ್ ಹೋಗುತ್ತದೆ. ಅವರು ತಡೆದಿಟ್ಟಿಲ್ಲದಿದ್ದರೆ ಪೋಸ್ಟ್ ಅವರ ಟೈಮ್‌ಲೈನ್‌ನಲ್ಲೂ ಬರುತ್ತದೆ. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲ: ನಿಮ್ಮ ಗೆಳೆಯರಿಗೆ ಮಾತ್ರ ಅಂತ ಹಾಕಿದ ಪೋಸ್ಟ್, ಟ್ಯಾಗ್ ಆದವರ ಗೆಳೆಯರಿಗೂ ಕಾಣುವಂತಾಗಬಹುದು. 50 ಜನರನ್ನು ಟ್ಯಾಗ್ ಮಾಡಿದರೆ ಎಷ್ಟು ದೂರ ಹೋಗುತ್ತದೆ ನೋಡಿ. ಮಾರುವವರಿಗೆ ಇದು ಪುಕ್ಕಟೆ ಜಾಹೀರಾತು. ಟ್ಯಾಗ್ ಆದವರಿಗೆ ಹಾಗಲ್ಲ. ತಮ್ಮ ಮನೆಯ ಗೋಡೆಗೆ ಬೇರೆಯವರು ಕೇಳದೆ ಪೋಸ್ಟರ್ ಅಂಟಿಸಿದಂತೆ ಅವರಿಗೆ ಅನಿಸುತ್ತದೆ. ಅವರ ಆಫೀಸಿನವರು, ಬೀಗರು, ವಿದ್ಯಾರ್ಥಿಗಳು ಎಲ್ಲ ಆ ಗೋಡೆಯನ್ನು ನೋಡುತ್ತಾರೆ.

ಆಗ ಅವರು ಏನು ಮಾಡುತ್ತಾರೆ? ಮೊದಲ ಸಲ ಸುಮ್ಮನಿರುತ್ತಾರೆ, ಪರಿಚಯದವರಲ್ವಾ, ಹೇಳೋದು ಹೇಗೆ ಅಂತ. ಎರಡನೇ ಸಲ ಪೋಸ್ಟಿನ ಮೂಲೆಯ ಮೂರು ಚುಕ್ಕೆ ಒತ್ತಿ `Remove tag` ಮಾಡುತ್ತಾರೆ. ಆಮೇಲೂ ಬರುತ್ತಲೇ ಇದ್ದರೆ ರಿಪೋರ್ಟ್ ಮಾಡುತ್ತಾರೆ, ಇಲ್ಲಾ ಬ್ಲಾಕ್ ಮಾಡುತ್ತಾರೆ. ಯಾರು ಮಾಡಿದರು ಅಂತ ನಿಮಗೆ ಹೇಳುವುದಿಲ್ಲ. ಅದನ್ನು ಹುಡುಕಲು ಹೋಗಬೇಡಿ, ಸಂಬಂಧ ಕೆಡುತ್ತದೆ ಅಷ್ಟೇ.

ಕಂಪನಿಯ ಕಡೆಯಿಂದ ನೋಡಿದರೆ, ಇವರು ಖಣ ಮಾರುವ ಅಕ್ಕ, ಅವರು ಮೋಸದ ಲಿಂಕ್ ಹಂಚುವವರು ಅನ್ನುವ ವ್ಯತ್ಯಾಸ ಸುಲಭವಾಗಿ ಗೊತ್ತಾಗುವುದಿಲ್ಲ. ಕದ್ದ ಖಾತೆಯಿಂದ ಒಂದು ವಿಡಿಯೋ ಲಿಂಕ್ ಹಾಕಿ ಗೆಳೆಯರ ಪಟ್ಟಿಯನ್ನೆಲ್ಲ ಟ್ಯಾಗ್ ಮಾಡುವ ಮೋಸ ಫೇಸ್‌ಬುಕ್‌ನಲ್ಲಿ ಹಳೆಯದು, ನಿಮ್ಮನ್ನೂ ಯಾರೋ ಹಾಗೆ ಟ್ಯಾಗ್ ಮಾಡಿರಬಹುದು. ಅಲ್ಲೂ ಒಂದೇ ಮಾತು, ಬಹಳ ಹೆಸರು, ಬೇಗ ಬೇಗ, ಆಮೇಲೆ ಜನರ ದೂರು. ಇಲ್ಲೂ ಅದೇ ಗುರುತುಗಳು. ಹಾಗಾಗಿ ಉದ್ದೇಶ ಒಳ್ಳೆಯದಿದ್ದರೂ ತಡೆ ಬೀಳುತ್ತದೆ. ಜನ ಬೇಡ ಅಂದದ್ದನ್ನು ತಡೆಯದೇ ಬಿಟ್ಟರೆ ಟ್ಯಾಗ್ ಅನ್ನುವುದನ್ನೇ ಯಾರೂ ನೋಡುವುದಿಲ್ಲ, ಆಗ ನಿಮ್ಮ ನಿಜವಾದ ಗಿರಾಕಿಯೂ ನಿಮ್ಮ ಟ್ಯಾಗ್ ತೆರೆಯುವುದಿಲ್ಲ. ಈ ತಡೆ ಸರಿಯಾದದ್ದೇ ಅಂತ ನಾನು ಹೇಳುತ್ತೇನೆ.

ಈಗ ಮಾಡಬೇಕಾದ ಕೆಲಸ

ಮೊದಲನೆಯದು, ನಿಲ್ಲಿಸಿ. ಟ್ಯಾಗ್ ಮಾಡಿ ನೋಡುವುದನ್ನು ಪೂರ್ತಿ ನಿಲ್ಲಿಸಿ. ಇಂಥ ತಡೆ ಕೆಲವು ಗಂಟೆ ಇರಬಹುದು, ಕೆಲವು ದಿನವೂ ಇರಬಹುದು. ಮತ್ತೆ ಮತ್ತೆ ಒತ್ತಿದರೆ ಬಿಡುತ್ತದೆ ಅನ್ನುವುದು ಸುಳ್ಳು. ತಡೆ ಇದ್ದಾಗಲೂ ಅದೇ ಕೆಲಸ ಮುಂದುವರಿಸುವುದು ನಿಮ್ಮ ವಿರುದ್ಧವೇ ಹೋಗಬಹುದು.

ತಡೆಯನ್ನು ದಾಟಲು ಹೊಸ ಖಾತೆ ತೆರೆಯಬೇಡಿ. ಮಗನ ಖಾತೆಯಿಂದ ಅದೇ ಪಟ್ಟಿಯನ್ನು ಟ್ಯಾಗ್ ಮಾಡಿಸಬೇಡಿ, ಅವನ ಖಾತೆಗೂ ಅದೇ ಗತಿ ಬರುತ್ತದೆ. ತಾನೇ ಟ್ಯಾಗ್ ಮಾಡಿಕೊಡುವ ಆ್ಯಪ್‌ಗಳನ್ನು ಹಾಕಿಕೊಂಡಿದ್ದರೆ ಈಗಲೇ ತೆಗೆಯಿರಿ. ಹಾಗೇ "ಬ್ಲಾಕ್ ತೆಗೆದುಕೊಡುತ್ತೇವೆ, 500 ರೂಪಾಯಿ ಹಾಕಿ, ಪಾಸ್‌ವರ್ಡ್ ಮತ್ತು ಒಟಿಪಿ ಕಳಿಸಿ" ಅಂತ ಬರುವವರಿಗೆ ಏನನ್ನೂ ಕೊಡಬೇಡಿ. ಹೊರಗಿನ ಯಾರೂ ಈ ತಡೆ ತೆಗೆಯಲಾರರು. ಅವರಿಗೆ ಬೇಕಾಗಿರುವುದು ನಿಮ್ಮ ಖಾತೆ.

ಎರಡನೆಯದು, ಹಳೆಯ ಟ್ಯಾಗ್ ಬಿಡಿಸುವುದು. ಬೇಸರದ ಕೆಲಸ, ಆದರೆ ಹಳೆಯ ಪೋಸ್ಟ್ ಅಲ್ಲೇ ಇರುವವರೆಗೂ ಜನ ಅದರ ಮೇಲೆ ರಿಪೋರ್ಟ್ ಮಾಡುತ್ತಲೇ ಇರಬಹುದು. ನಿಮ್ಮ ಪೋಸ್ಟಿನ ಮೂರು ಚುಕ್ಕೆ ಒತ್ತಿ, ತಿದ್ದುವ ಆಯ್ಕೆಗೆ ಹೋಗಿ, ಟ್ಯಾಗ್ ಮಾಡಿದ ಹೆಸರುಗಳನ್ನು ತೆಗೆಯಿರಿ. ಫೋಟೊ ಮೇಲಿನ ಟ್ಯಾಗ್ ಆದರೆ ಫೋಟೊವನ್ನೇ ತೆರೆದು ತೆಗೆಯಬೇಕು. ಒಂದೊಂದೇ ಹೆಸರು ತೆಗೆಯಲು ಕಷ್ಟವಾದರೆ ಆ ಪೋಸ್ಟನ್ನೇ ಅಳಿಸಿ, ಫೋಟೊವನ್ನು ಹೆಸರಿಲ್ಲದೆ ಮತ್ತೆ ಹಾಕಿ. ಗುಳೇದಗುಡ್ಡದ ಅಕ್ಕ ಮಾಡಿದ್ದು ಹೀಗೇ. ಮಾಲು ಮುಗಿದು ಹೋಗಿದ್ದ ಹಳೆಯ ಪೋಸ್ಟ್‌ಗಳನ್ನು ಅಳಿಸಿದರು, ಉಳಿದವುಗಳ ಟ್ಯಾಗ್ ತೆಗೆದರು. ಇದರಿಂದ ತಡೆ ಬೇಗ ಬಿಡುತ್ತದೆ ಅಂತ ಭರವಸೆ ಕೊಡಲಾರೆ. ಹೊಸ ದೂರು ಬರುವುದು ಕಡಿಮೆಯಾಗುತ್ತದೆ, ಅದೇ ಲಾಭ.

ಮೂರನೆಯದು, ವ್ಯಾಪಾರ ನಿಲ್ಲಬಾರದಲ್ಲ. ಟ್ಯಾಗ್ ಇಲ್ಲದೆ ಪೋಸ್ಟ್ ಹಾಕುತ್ತಾ ಇರಿ. ನಿಜವಾಗಿ ಕೊಳ್ಳುವವರಿಗೆ ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಅದರಲ್ಲಿ ಒಂದು ಒಳ್ಳೆಯ ಕಟ್ಟುಪಾಡು ಇದೆ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ಅಂದರೆ ನಿಮ್ಮನ್ನು ಬೇಕು ಅಂದವರಿಗೆ ಮಾತ್ರ. ಅಕ್ಕ ತಮ್ಮ ಲೆಕ್ಕದ ಪುಸ್ತಕ ತೆಗೆದು, ಕಳೆದ ವರ್ಷ ಖಣ ಒಯ್ದವರಿಗೆ ಮಾತ್ರ ಫೋನ್ ಮಾಡಿ "ಹೊಸದು ಬಂದಾಗ ಫೋಟೊ ಕಳಸ್ಲೇನ್ರಿ?" ಅಂತ ಕೇಳಿದರು. ಹೂಂ ಅಂದವರನ್ನು ಪಟ್ಟಿಗೆ ಸೇರಿಸಿದರು. ಆ ಪುಸ್ತಕ ಎದುರಿಗಿಟ್ಟುಕೊಂಡು ನೋಡಿದಾಗ, ದಿನಾ ಟ್ಯಾಗ್ ಮಾಡುತ್ತಿದ್ದ ಹೆಸರುಗಳಲ್ಲಿ ಹೆಚ್ಚಿನವರು ಒಂದು ಸಲವೂ ಖಣ ಕೊಂಡವರಲ್ಲ ಅಂತ ಅವರಿಗೇ ತಿಳಿಯಿತು. ನೀವೂ ಒಮ್ಮೆ ಹೀಗೆ ಎರಡೂ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ನಾನು ಟ್ಯಾಗೇ ಮಾಡಿಲ್ಲ ಅನ್ನುವವರಿಗೆ

ಇದು ಬೇರೆ ದಾರಿ. ನೀವು ಯಾರನ್ನೂ ಟ್ಯಾಗ್ ಮಾಡದೆ ತಡೆ ಬಂದಿದ್ದರೆ ನಿಮ್ಮ ಖಾತೆಯಿಂದ ಬೇರೆ ಯಾರೋ ಮಾಡಿರಬಹುದು. ಫೇಸ್‌ಬುಕ್‌ನಲ್ಲಿ `Activity log` ತೆರೆದು ನೋಡಿ, ನೀವು ಹಾಕದ ಲಿಂಕ್, ವಿಡಿಯೋ ಇದೆಯಾ ಅಂತ. ಆಮೇಲೆ `Accounts Center` ಒಳಗೆ `Password and security` ಗೆ ಹೋಗಿ ಯಾವ ಯಾವ ಫೋನಿನಲ್ಲಿ ನಿಮ್ಮ ಖಾತೆ ತೆರೆದಿದೆ ಅನ್ನುವ ಪಟ್ಟಿ ನೋಡಿ. ಗುರುತಿಲ್ಲದ ಫೋನ್ ಕಂಡರೆ ಅಲ್ಲಿಂದಲೇ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ನಮ್ಮಲ್ಲಿ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಹಾಗೇ ಎದ್ದು ಬರುವವರು ಬಹಳ, ಆ ಪಟ್ಟಿಯಲ್ಲಿ ಅದೂ ಕಾಣುತ್ತದೆ.

ತಡೆ ಬಿಟ್ಟ ಮೇಲೆ

ಮನೆಯವರಲ್ಲಿ ಒಬ್ಬರನ್ನು ಕೇಳಿ ಟ್ಯಾಗ್ ಮಾಡಿ ನೋಡಿ. ಆಯಿತು ಅಂದ ಕೂಡಲೇ ಹಳೆಯ 50ರ ಪಟ್ಟಿ ತೆಗೆಯಬೇಡಿ, ಮತ್ತೆ ಬಿದ್ದರೆ ಈ ಸಲ ಜಾಸ್ತಿ ದಿನ ಇರಬಹುದು. ಯಾರನ್ನು ಟ್ಯಾಗ್ ಮಾಡಬಹುದು ಅನ್ನುವುದಕ್ಕೆ ನಾನು ಹೇಳುವ ಅಳತೆ ಇಷ್ಟೇ: ಅವರು ಆ ಫೋಟೊದಲ್ಲಿ ಇದ್ದಾರಾ, ಅಥವಾ ಆ ಮಾತು ಅವರ ಬಗ್ಗೆ ಇದೆಯಾ, ಮತ್ತು ಅವರು ಹೂಂ ಅಂದಿದ್ದಾರಾ. ಮೂರನೆಯದು ತಪ್ಪಬಾರದು. ಅಕ್ಕ ಈಗ ಖಣದ ಕುಪ್ಪಸ ಹೊಲಿಸಿ ತೊಟ್ಟ ಗಿರಾಕಿಯ ಫೋಟೊ ಹಾಕಿದಾಗ, ಅವರನ್ನು ಕೇಳಿ ಅವರೊಬ್ಬರನ್ನೇ ಟ್ಯಾಗ್ ಮಾಡುತ್ತಾರೆ. ಅದನ್ನು ಆ ಗಿರಾಕಿಯ ಗೆಳತಿಯರು ಇಷ್ಟಪಟ್ಟು ನೋಡುತ್ತಾರೆ, ಕಾಮೆಂಟಿನಲ್ಲಿ ದರ ಕೇಳುತ್ತಾರೆ.

ಇನ್ನೊಂದು, ಹಬ್ಬದ ಆಫರ್‌ಗಳ ವಿಷಯ. "ಈ ಪೋಸ್ಟಿನಲ್ಲಿ ನಿಮ್ಮ 5 ಗೆಳೆಯರನ್ನು ಟ್ಯಾಗ್ ಮಾಡಿ, ಇಳಕಲ್ ಸೀರೆ ಗೆಲ್ಲಿ" ಅಂತ ಸ್ಪರ್ಧೆ ಇಡುವವರು ಬಹಳ. ಫೇಸ್‌ಬುಕ್‌ನ ನಿಯಮದಲ್ಲಿ ಗೆಳೆಯರನ್ನು ಟ್ಯಾಗ್ ಮಾಡಿದರೆ ಮಾತ್ರ ಸ್ಪರ್ಧೆಗೆ ಸೇರಿಸುವುದಕ್ಕೆ ಅವಕಾಶ ಇಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊದಲ್ಲಿ ಇಲ್ಲದವರನ್ನು ಆ ಫೋಟೊಗೆ ಟ್ಯಾಗ್ ಮಾಡಿಕೊಳ್ಳಿ ಅಂತ ಹುರಿದುಂಬಿಸುವಂತಿಲ್ಲ. ಬದಲಿಗೆ ಕಾಮೆಂಟಿನಲ್ಲಿ ನಿಮಗಿಷ್ಟವಾದ ಬಣ್ಣ ಬರೆಯಿರಿ ಅಂತ ಕೇಳಿ. ಯಾವ ಬಣ್ಣ ಜಾಸ್ತಿ ನೇಯಬೇಕು ಅನ್ನುವುದೂ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದು, ಮನೆಯ ಮದುವೆಯ ಫೋಟೊಗೆ ಮನೆಯವರನ್ನೇ ಟ್ಯಾಗ್ ಮಾಡಿ ತಡೆ ಬಂದಿದ್ದರೆ ಅದು ತಪ್ಪಿ ಬಿದ್ದದ್ದೂ ಇರಬಹುದು. ಸಂದೇಶದ ಕೆಳಗೆ ಇದು ತಪ್ಪು ಅನಿಸಿದರೆ ತಿಳಿಸಿ ಅನ್ನುವ ಲಿಂಕ್ ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ `Help & support` ಒಳಗೆ `Report a problem` ಇದೆ. ಉದ್ದ ಬರೆಯಬೇಡಿ: ಯಾವ ದಿನದಿಂದ ಟ್ಯಾಗ್ ಆಗುತ್ತಿಲ್ಲ, ಕೊನೆಯ ಸಲ ಯಾವ ಫೋಟೊಗೆ ಎಷ್ಟು ಜನರನ್ನು ಸೇರಿಸಿದ್ದಿರಿ, ಅವರು ನಿಮಗೆ ಏನಾಗಬೇಕು, ಇಷ್ಟು ಸಾಕು. ಮೊದಲು ತೆಗೆದಿಟ್ಟ ಸ್ಕ್ರೀನ್‌ಶಾಟ್ ಜೊತೆಗೆ ಸೇರಿಸಿ. ಒಂದೇ ಸಲ ಕಳಿಸಿ. ಉತ್ತರ ಬರದೇ ಇದ್ದರೂ ತಡೆಯ ಅವಧಿ ಮುಗಿದ ಮೇಲೆ ಟ್ಯಾಗ್ ತಾನಾಗಿಯೇ ಮತ್ತೆ ಶುರುವಾಗುತ್ತದೆ.